ಬೆಳಕು ಸಾಲದ ಗಿಡವನ್ನು ಫೋಟೋದಲ್ಲಿ ಗುರುತಿಸುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಗಿಡಗಳ ನರ್ಸರಿ ನಡೆಸಿ ಬದುಕುತ್ತಿರುವವನು. ದೊಡ್ಡ ವಿಷಯಗಳ ಮೇಲೆ ಮಾತನಾಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ನನ್ನ ಕಸುಬಿನಲ್ಲಿ ದಿನವೂ ಎದುರಾಗುವ ಒಂದು ಸಣ್ಣ ಸಂಗತಿಯನ್ನೇ ಹೇಳುತ್ತೇನೆ. ಇಲ್ಲಿ ಮೇಜಿನ ಮೇಲೆ ಎರಡು ಕುಂಡಗಳನ್ನು ಇಟ್ಟಿದ್ದೇನೆ. ಒಂದರಲ್ಲಿ ತಾವರೆಯ ಹಾಗೆ ಎಲೆಗಳನ್ನು ಒತ್ತಾಗಿ ಜೋಡಿಸಿಕೊಂಡ ಗಿಡವಿದೆ. ಇನ್ನೊಂದರಲ್ಲಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದ ಬೋಳು ಕಾಂಡ, ಅದರ ಪಕ್ಕಗಳಲ್ಲಿ ನಾಲ್ಕು ಪುಟ್ಟ ಮರಿಗಳು ಇವೆ. ಇವೆರಡೂ ಎರಡು ವರ್ಷದ ಹಿಂದೆ ಒಂದೇ ಗಿಡವಾಗಿದ್ದವು. ಆ ಗಿಡದ ಫೋಟೋ ನೋಡಿ ನಾನು ಒಮ್ಮೆ ತಪ್ಪು ಹೇಳಿದೆ, ಎರಡನೆಯ ಸಲ ಸರಿ ಹೇಳಿದೆ. ಆ ಕಥೆ ಕೇಳಿ.

ಈ ಗಿಡದ ಹೆಸರು ಎಕೆವೇರಿಯಾ. ಇದರ ತವರು ಮೆಕ್ಸಿಕೋ ದೇಶ. ಅತನಾಸಿಯೋ ಎಕೆವೇರಿಯಾ ಎಂಬ ಮೆಕ್ಸಿಕೋದ ಸಸ್ಯಚಿತ್ರಕಾರನ ನೆನಪಿಗಾಗಿ 1828ರಲ್ಲಿ ಈ ಹೆಸರಿಟ್ಟರು. ಅಲ್ಲಿ ಇದು ಬಂಡೆಯ ಸಂದುಗಳಲ್ಲಿ ಬಯಲ ಬಿಸಿಲಿಗೆ ಬೆಳೆಯುತ್ತದೆ. ಎಲೆಯಲ್ಲೋ ಕಾಂಡದಲ್ಲೋ ನೀರು ತುಂಬಿಟ್ಟುಕೊಳ್ಳುವ ಇಂಥ ಗಿಡಗಳನ್ನು ಸಕ್ಯುಲೆಂಟ್ ಎನ್ನುತ್ತಾರೆ. ನಮ್ಮೂರಿಗೆ ಇವು ಹೊಸದೇನಲ್ಲ. ಹಿತ್ತಲಿನ ಲೋಳೆಸರ, ಕಾಡುಬಸಳೆ, ಬೇಲಿಯ ಪಾಪಾಸುಕಳ್ಳಿ ಎಲ್ಲವೂ ಇದೇ ಜಾಡಿನವು.

ನನ್ನ ಸಹಪಾಠಿಯೊಬ್ಬಳು ಬೆಂಗಳೂರಿನಲ್ಲಿದ್ದಾಳೆ. ಅವಳ ತಾಯಿ ಇದೇ ಊರಿನ ಮನೆಯ ಜಗಲಿಯ ಮೇಲೆ ಈ ಗಿಡವನ್ನು ಸಾಕಿದ್ದರು. ಬೆಳಗಿನಿಂದ ಹನ್ನೊಂದು ಗಂಟೆಯವರೆಗೆ ಅಲ್ಲಿ ಬಿಸಿಲು ಬೀಳುತ್ತಿತ್ತು. ಗಿಡ ಮುಷ್ಟಿಯಷ್ಟೇ ಗಾತ್ರವಿದ್ದು, ಎಲೆಯ ಅಂಚುಗಳು ಕೆಂಪಗಿದ್ದವು. ತಾಯಿ ತೀರಿಕೊಂಡ ಮೇಲೆ, ಮನೆಗೆ ಬೀಗ ಹಾಕುವ ದಿನ, ಅವಳು ಈ ಕುಂಡವೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ಅದು ಫೆಬ್ರವರಿ ತಿಂಗಳು. ಬೆಂಗಳೂರಿನ ಮನೆಯಲ್ಲಿ ಅದನ್ನು ಹಾಲ್‌ನ ಗೋಡೆಯ ಶೆಲ್ಫಿನ ಮೇಲೆ, ತಾಯಿಯ ಭಾವಚಿತ್ರದ ಪಕ್ಕ ಇಟ್ಟಳು. ಕಿಟಕಿ ಅಲ್ಲಿಂದ ಎಂಟು ಅಡಿ ದೂರ.

ಜೂನ್ ತಿಂಗಳಲ್ಲಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಅವಳು ಗಿಡದ ಫೋಟೋ ಹಾಕಿ, "ಅಮ್ಮನ ಗಿಡ ಹೇಗಿದೆ ಹೇಳೋ" ಎಂದು ಕೇಳಿದಳು. ಫೋಟೋವನ್ನು ನೇರವಾಗಿ ಮೇಲಿನಿಂದ ತೆಗೆದಿದ್ದಳು. ಹಸಿರಾದ ಎಲೆಗಳು ಸುತ್ತಲೂ ಚೆನ್ನಾಗಿ ಹರಡಿಕೊಂಡಿದ್ದವು. "ಚೆನ್ನಾಗಿದೆ, ನೀರು ಮಾತ್ರ ಜಾಸ್ತಿ ಹಾಕಬೇಡ" ಎಂದು ಬರೆದು ಸುಮ್ಮನಾದೆ. ಆಗಸ್ಟ್‌ನಲ್ಲಿ ಇನ್ನೊಂದು ಫೋಟೋ ಬಂತು. ಈ ಸಲ ಪಕ್ಕದಿಂದ ತೆಗೆದದ್ದು. "ತುಂಬಾ ಎತ್ತರ ಬೆಳೆದಿದೆ, ಬಾಗ್ತಾ ಇದೆ, ಕೋಲು ಕಟ್ಟಲಾ?" ಎಂದು ಕೇಳಿದ್ದಳು. ಗುಂಪಿನಲ್ಲಿ ಒಬ್ಬ "ಒಳ್ಳೇ ಬೆಳವಣಿಗೆ" ಎಂದ. ಇನ್ನೊಬ್ಬ "ಬಿಳಿಚಿಕೊಂಡಿದೆ, ಒಂದು ಚಿಟಿಕೆ ಯೂರಿಯಾ ಹಾಕು" ಎಂದ. ಮತ್ತೊಬ್ಬಳು "ದಿನಾ ನೀರು ಹಾಕು" ಎಂದಳು. ಆ ಫೋಟೋ ನೋಡಿದಾಗ ಜೂನ್‌ನಲ್ಲಿ ನಾನು ಹೇಳಿದ್ದು ತಪ್ಪು ಎಂದು ತಿಳಿಯಿತು.

ಆ ಫೋಟೋದಲ್ಲಿ ಕಂಡದ್ದನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲನೆಯದು, ಎಲೆ ಎಲೆಗಳ ನಡುವೆ ಕಾಂಡ ಕಾಣುತ್ತಿತ್ತು. ಆರೋಗ್ಯವಾಗಿರುವ ಎಕೆವೇರಿಯಾದಲ್ಲಿ ಎಲೆಗಳು ಒಂದರ ಮೇಲೊಂದು ಕೂತಿರುತ್ತವೆ; ಕಾಂಡವನ್ನು ನೋಡಬೇಕೆಂದರೆ ಎಲೆ ಸರಿಸಬೇಕು. ಇಲ್ಲಿ ಒಂದು ಎಲೆಗೂ ಮುಂದಿನ ಎಲೆಗೂ ಮಧ್ಯೆ ಒಂದು ಬೆರಳಿನ ಅಗಲದಷ್ಟು ಖಾಲಿ ಕಾಂಡವಿತ್ತು.

ಎರಡನೆಯದು, ಗಿಡದ ಬುಡಕ್ಕೂ ತುದಿಗೂ ಹೋಲಿಕೆಯೇ ಇರಲಿಲ್ಲ. ಬುಡದ ಹತ್ತಿರ ಉಳಿದಿದ್ದ ಹಳೆಯ ಎಲೆಗಳು ದಪ್ಪವಾಗಿ, ಗಿಡ್ಡವಾಗಿ, ಒತ್ತಾಗಿದ್ದವು. ಅವು ಊರಿನ ಜಗಲಿಯಲ್ಲಿ ಬೆಳೆದವು. ಮೇಲಿನ ಎಲೆಗಳು ಕಿರಿದಾಗಿ, ತೆಳ್ಳಗೆ, ಉದ್ದವಾಗಿದ್ದವು. ಅವು ಶೆಲ್ಫಿನ ಮೇಲೆ ಬೆಳೆದವು. ಒಮ್ಮೆ ಬೆಳೆದ ಭಾಗ ಆಮೇಲೆ ತನ್ನ ಆಕಾರ ಬದಲಿಸುವುದಿಲ್ಲ. ಹಾಗಾಗಿ ಬುಡದಿಂದ ತುದಿಯವರೆಗೆ ಓದಿಕೊಂಡು ಹೋದರೆ ಗಿಡ ಯಾವಾಗ ಎಂಥ ಬೆಳಕಿನಲ್ಲಿತ್ತು ಎಂಬ ದಿನಚರಿಯೇ ಸಿಗುತ್ತದೆ. ಒತ್ತಾದ ಎಲೆಗಳು ಎಲ್ಲಿ ನಿಂತು ವಿರಳವಾದ ಎಲೆಗಳು ಎಲ್ಲಿ ಶುರುವಾಗಿವೆಯೋ ಅಲ್ಲಿಗೆ ಫೆಬ್ರವರಿ ತಿಂಗಳು ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಮೂರನೆಯದು, ಇಡೀ ಗಿಡ ಒಂದೇ ಕಡೆಗೆ ವಾಲಿತ್ತು. ಭಾರಕ್ಕೆ ಬಾಗಿದ ಗಿಡದ ತುದಿ ಕೆಳಮುಖವಾಗಿರುತ್ತದೆ. ಇದರ ತುದಿ ಮಾತ್ರ ಓರೆಯಾಗಿ ಮೇಲಕ್ಕೆ, ಎಡಕ್ಕೆ ಚಾಚಿತ್ತು. "ಕಿಟಕಿ ಎಡಗಡೆ ಇದೆಯಾ?" ಎಂದು ಕೇಳಿದೆ. "ಹೌದು, ನಿನಗೆ ಹೇಗೆ ಗೊತ್ತಾಯ್ತು?" ಎಂದಳು. ಜೊತೆಗೆ ಹಳೆಯ ಎಲೆಗಳು ಕೊಡೆ ಮಡಚಿದ ಹಾಗೆ ಕೆಳಗೆ ಬಾಗಿದ್ದವು. ಬೆಳಕು ಕಡಿಮೆಯಾದಾಗ ಎಕೆವೇರಿಯಾ ಎಲೆಗಳನ್ನು ಹೀಗೆ ಕೆಳಗಿಳಿಸಿ ಹೆಚ್ಚು ಜಾಗವನ್ನು ಬೆಳಕಿಗೆ ಒಡ್ಡುತ್ತದೆ. ಕಾಂಡ ಉದ್ದವಾಗುವುದಕ್ಕಿಂತ ಮೊದಲೇ ಅನೇಕ ಸಲ ಈ ಲಕ್ಷಣ ಕಾಣಿಸಿಕೊಳ್ಳುತ್ತದೆ. ಜೂನ್ ತಿಂಗಳ ಫೋಟೋದಲ್ಲಿ ಎಲೆಗಳು "ಚೆನ್ನಾಗಿ ಹರಡಿಕೊಂಡಿವೆ" ಎಂದು ನಾನು ಮೆಚ್ಚಿಕೊಂಡದ್ದು ಇದನ್ನೇ.

ನಾಲ್ಕನೆಯದು ಬಣ್ಣ. ಎಲೆಯ ಅಂಚಿನ ಕೆಂಪು, ಜೋರು ಬಿಸಿಲಿನಿಂದ ಕಾಪಾಡಿಕೊಳ್ಳಲು ಗಿಡ ತಯಾರಿಸಿಕೊಳ್ಳುವ ಬಣ್ಣ. ಬಿಸಿಲಿಲ್ಲದಿದ್ದರೆ ಅದರ ಅಗತ್ಯವಿಲ್ಲ, ಹಾಗಾಗಿ ಅದು ಮೊದಲು ಮಾಯವಾಗುತ್ತದೆ. ಆಗ ಗಿಡ ಅಚ್ಚ ಹಸಿರಾಗಿ ಕಾಣುತ್ತದೆ. ಹಸಿರೆಂದರೆ ಆರೋಗ್ಯ ಎಂದು ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಆಮೇಲೆ ಹೊಸದಾಗಿ ಬರುವ ಎಲೆಗಳಲ್ಲಿ ಹಸಿರೂ ತೆಳುವಾಗಿ, ಬಾಳೆಯ ಸುಳಿಯಂಥ ತಿಳಿ ಬಣ್ಣ ಬರುತ್ತದೆ. ಜೂನ್‌ನಲ್ಲಿ ಕೆಂಪು ಹೋಗಿತ್ತು, ಆಗಸ್ಟ್‌ನಲ್ಲಿ ಹಸಿರೂ ಹೋಗುತ್ತಿತ್ತು.

ಈ ಸ್ಥಿತಿಗೆ ಸಸ್ಯಶಾಸ್ತ್ರದಲ್ಲಿ ಎಟಿಯೊಲೇಷನ್ ಎನ್ನುತ್ತಾರೆ. ಹೆಸರು ಕಷ್ಟವೆನಿಸಬಹುದು, ಆದರೆ ಇದನ್ನು ನೀವೆಲ್ಲ ನೋಡಿದ್ದೀರಿ. ಮೂಟೆಯಲ್ಲಿ ಉಳಿದ ಆಲೂಗಡ್ಡೆಯಿಂದ ಕತ್ತಲಲ್ಲಿ ಹೊರಡುವ ಉದ್ದನೆಯ ಬಿಳಿ ಮೊಳಕೆ ಇದೇ. ನವರಾತ್ರಿಯ ಘಟ್ಟದಲ್ಲಿ ಹಾಕಿದ ಕಾಳುಗಳು ದೇವರ ಕೋಣೆಯ ಮಬ್ಬಿನಲ್ಲಿ ಹಳದಿ ಪೈರಾಗಿ ಎದ್ದು ನಿಲ್ಲುವುದೂ ಇದೇ. ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಎರಡು ಡಬ್ಬಿಗಳಲ್ಲಿ ಹುರುಳಿ ಬಿತ್ತಿಸಿ, ಒಂದನ್ನು ಬಿಸಿಲಲ್ಲಿ, ಒಂದನ್ನು ಬೀರುವಿನಲ್ಲಿ ಇಡಿಸಿದ್ದರು. ವಾರ ಕಳೆದ ಮೇಲೆ ಬೀರುವಿನದ್ದೇ ಎತ್ತರವಾಗಿತ್ತು. ನಾವೆಲ್ಲ ಅದೇ ಗೆದ್ದಿತು ಎಂದು ಕೂಗಿದ್ದೆವು. ಮೇಷ್ಟ್ರು ಅದನ್ನು ಬೆರಳಿನಿಂದ ಮುಟ್ಟಿದರು, ಅದು ಮಲಗಿಬಿಟ್ಟಿತು.

ಮಣ್ಣಿನಡಿಯ ಮೊಳಕೆಗೆ ಈ ಗುಣ ಬೇಕೇ ಬೇಕು. ಬೀಜದಲ್ಲಿರುವ ಬುತ್ತಿ ಮುಗಿಯುವುದರೊಳಗೆ ಅದು ಬೆಳಕಿಗೆ ತಲುಪಬೇಕು. ಆದ್ದರಿಂದ ಹಸಿರು ತಯಾರಿಸುವುದನ್ನೂ ಎಲೆ ಬೆಳೆಸುವುದನ್ನೂ ಬದಿಗಿಟ್ಟು ಇದ್ದ ಶಕ್ತಿಯನ್ನೆಲ್ಲ ಉದ್ದಕ್ಕೆ ಹಾಕುತ್ತದೆ. ಬೆಳಕನ್ನು ಗುರುತಿಸುವ ಫೈಟೋಕ್ರೋಮ್‌ನಂಥ ವಸ್ತುಗಳು ಗಿಡದೊಳಗಿವೆ. ಅವು ಬೆಳಕು ಸಾಲದೆಂದು ತಿಳಿಸಿದಾಗ ಆಕ್ಸಿನ್, ಜಿಬ್ಬರೆಲಿನ್ ಎಂಬ ಹಾರ್ಮೋನುಗಳ ಕೆಲಸದಿಂದ ಕಾಂಡದ ಕೋಶಗಳು ಹಿಗ್ಗುತ್ತವೆ. ಶೆಲ್ಫಿನ ಮೇಲಿನ ಗಿಡ ಪೂರ್ತಿ ಕತ್ತಲಲ್ಲಿರಲಿಲ್ಲ, ಆದರೂ ಸಾಲದ ಬೆಳಕಿನಲ್ಲಿ ಅದು ಹಿಡಿದದ್ದು ಅದೇ ದಾರಿ. ಬುತ್ತಿಯಾಗಿ ಅದಕ್ಕೆ ದಪ್ಪ ಎಲೆಗಳಿದ್ದವು. ಅವು ಖರ್ಚಾಗುವವರೆಗೆ ಅದು ಉದ್ದವಾಗುತ್ತಲೇ ಹೋಗುತ್ತದೆ. ನೋಡುವವರಿಗೆ ಬೆಳವಣಿಗೆ ಎನಿಸುವುದು ಈ ಖರ್ಚು.

ಹಾಗಾದರೆ ಮೊದಲ ಫೋಟೋದಲ್ಲಿ ನಾನೇಕೆ ಮೋಸಹೋದೆ? ಎರಡು ಕಾರಣಗಳಿವೆ. ಒಂದು, ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಂಡ ಕಾಣುವುದೇ ಇಲ್ಲ. ಹತ್ತು ಅಂಗುಲ ಉದ್ದವಾದ ಗಿಡವೂ ಮೇಲಿನಿಂದ ಹೂವಿನ ಹಾಗೆಯೇ ಕಾಣುತ್ತದೆ. ಎರಡು, ಫೋನಿನ ಕ್ಯಾಮೆರಾ ಮಬ್ಬಾದ ಕೋಣೆಯನ್ನು ತಾನಾಗಿಯೇ ಬೆಳಗಿಸಿ ತೋರಿಸುತ್ತದೆ, ಬಲ್ಬಿನ ಹಳದಿಯನ್ನು ತಿದ್ದುತ್ತದೆ, ಬಣ್ಣಕ್ಕೆ ಮೆರುಗು ಕೊಡುತ್ತದೆ. ಆದ್ದರಿಂದ ಫೋಟೋದ ಬಣ್ಣವನ್ನು ನಂಬಿ ತೀರ್ಮಾನ ಹೇಳಬಾರದು. ಆಕಾರವನ್ನು ನಂಬಬಹುದು. ಎಲೆಗಳ ನಡುವಿನ ಅಂತರವನ್ನು ಯಾವ ಕ್ಯಾಮೆರಾವೂ ಮುಚ್ಚುವುದಿಲ್ಲ, ಪಕ್ಕದಿಂದ ತೆಗೆದಿರಬೇಕು ಅಷ್ಟೆ.

ಈಗ ಯಾರು ಫೋಟೋ ಕಳಿಸಿದರೂ ನಾನು ಮೂರು ಫೋಟೋ ಕೇಳುತ್ತೇನೆ. ಕ್ಯಾಮೆರಾವನ್ನು ಕುಂಡದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಒಂದು, ಮೇಲಿನಿಂದ ಒಂದು, ನಾಲ್ಕು ಹೆಜ್ಜೆ ಹಿಂದೆ ಸರಿದು ಗಿಡ ಇರುವ ಜಾಗವೂ ಕಿಟಕಿಯೂ ಕಾಣುವಂತೆ ಇನ್ನೊಂದು. ಹಗಲಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಗಿಡದ ಪಕ್ಕ ಒಂದು ಬಿಳಿ ಹಾಳೆ ಇಟ್ಟರೆ ಬಣ್ಣವನ್ನೂ ಸ್ವಲ್ಪ ಅಂದಾಜು ಮಾಡಬಹುದು. ಹಾಳೆಯೇ ಹಳದಿಯಾಗಿ ಕಂಡರೆ ಎಲೆಯ ಹಳದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರನೆಯ ಫೋಟೋದಲ್ಲಿ ಕುಂಡದ ನೆರಳನ್ನು ಹುಡುಕುತ್ತೇನೆ. ಅಂಚು ಸ್ಪಷ್ಟವಾದ ನೆರಳಿದ್ದರೆ ಬೆಳಕು ಚೆನ್ನಾಗಿದೆ; ನೆರಳೇ ಕಾಣದಿದ್ದರೆ ಸಾಲದು.

ನಮ್ಮ ಕಣ್ಣೂ ಕ್ಯಾಮೆರಾದ ಹಾಗೆಯೇ ಮೋಸ ಮಾಡುತ್ತದೆ. ನಡುಹಗಲಿನ ನೇರ ಬಿಸಿಲನ್ನು ಅಳೆದರೆ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಕಿಟಕಿಯಿಂದ ಎಂಟು ಅಡಿ ಒಳಗೆ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಅಂದರೆ ಬಿಸಿಲಿನ ನೂರರಲ್ಲಿ ಒಂದು ಪಾಲೂ ಇಲ್ಲ. ಆದರೂ ನಮಗೆ ಅಲ್ಲಿ ಪೇಪರ್ ಓದಲು ಬೆಳಕು ಸಾಕು, ಏಕೆಂದರೆ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುತ್ತದೆ. "ನಮ್ಮ ಹಾಲ್‌ನಲ್ಲಿ ಬೇಕಾದಷ್ಟು ಬೆಳಕಿದೆ" ಎಂದು ಅವಳು ಹೇಳಿದ್ದು ಸುಳ್ಳಲ್ಲ. ಆ ಬೆಳಕು ಮನುಷ್ಯರಿಗೆ ಸಾಕು, ಬಂಡೆಯ ಮೇಲೆ ಹುಟ್ಟಿದ ಗಿಡಕ್ಕೆ ಸಾಲದು.

ಉದ್ದವಾದ ಸಕ್ಯುಲೆಂಟ್ ಎಲ್ಲವೂ ಬೆಳಕಿನ ಕೊರತೆಯದ್ದೇ ಎಂದು ತಿಳಿಯಬೇಡಿ. ಮೂರು ಗೊಂದಲಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಒಂದು ಹೂವಿನ ದಂಟು. ಎಕೆವೇರಿಯಾ ಹೂ ಬಿಡುವಾಗ ಎಲೆಗಳ ಸಂದಿನಿಂದ ಉದ್ದನೆಯ ದಂಟು ಹೊರಡುತ್ತದೆ, ಅದರ ಮೇಲೆ ಪುಟ್ಟ ಎಲೆಗಳು ವಿರಳವಾಗಿರುತ್ತವೆ. ಆದರೆ ಅದು ಪಕ್ಕದಿಂದ ಬಂದಿರುತ್ತದೆ, ನಡುವಿನ ಸುಳಿ ಒತ್ತಾಗಿಯೇ ಉಳಿದಿರುತ್ತದೆ. ಎರಡು, ವಯಸ್ಸಾದ ಗಿಡ. ವರ್ಷಗಳಾದಂತೆ ಕೆಳಗಿನ ಎಲೆಗಳು ಒಣಗಿ ಉದುರಿ ಬೋಳು ಕಾಂಡ ಉಳಿಯುತ್ತದೆ. ಅದನ್ನು ಫೋಟೋದಲ್ಲಿ ದೊಡ್ಡದು ಮಾಡಿ ನೋಡಿದರೆ ಎಲೆ ಉದುರಿದ ಗುರುತುಗಳು ಹತ್ತಿರ ಹತ್ತಿರ ಇರುತ್ತವೆ, ತುದಿಯ ಗೊಂಚಲು ಬಿಗಿಯಾಗಿರುತ್ತದೆ. ಬೆಳಕಿಲ್ಲದ ಗಿಡದಲ್ಲಿ ಆ ಗುರುತುಗಳೇ ದೂರ ದೂರ. ಮೂರು, ಬಿಳಿಚುವಿಕೆಯ ಬೇರೆ ಕಾರಣಗಳು. ನೀರು ಹೆಚ್ಚಾದರೆ ಕೆಳಗಿನ ಎಲೆಗಳು ಹಳದಿಯಾಗಿ, ನೀರು ತುಂಬಿದ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚುತ್ತವೆ. ಬಿಸಿಲಿಗೆ ಸುಟ್ಟರೆ ಸೂರ್ಯನ ಕಡೆಯ ಎಲೆಗಳ ಮೇಲಷ್ಟೇ ಬಿಳಿ ಅಥವಾ ಕಂದು ಕಲೆಗಳಾಗುತ್ತವೆ. ಇವೆರಡರಲ್ಲೂ ಕಾಂಡ ಉದ್ದವಾಗಿರುವುದಿಲ್ಲ. ಬೆಳಕಿನ ಕೊರತೆಯಲ್ಲಿ ಬಣ್ಣವೂ ಆಕಾರವೂ ಒಟ್ಟಿಗೆ ಕೆಡುತ್ತವೆ, ಅದೂ ತುದಿಯ ಹೊಸ ಭಾಗದಲ್ಲಿ.

ಗುಂಪಿನಲ್ಲಿ ಕೊಟ್ಟ ಮೂರು ಸಲಹೆಗಳೂ ಗಿಡಕ್ಕೆ ಅಪಾಯವೇ ಆಗಿದ್ದವು. ಯೂರಿಯಾ ಹಾಕಿದ್ದರೆ ಮೆತ್ತನೆಯ ಕಾಂಡ ಇನ್ನಷ್ಟು ಚಾಚುತ್ತಿತ್ತು. ದಿನಾ ನೀರು ಹಾಕಿದ್ದರೆ ಬೇರು ಕೊಳೆಯುತ್ತಿತ್ತು, ಏಕೆಂದರೆ ಬೆಳಕಿಲ್ಲದ ಕಡೆ ಗಿಡ ನೀರು ಬಳಸುವುದೂ ಕಡಿಮೆ, ಮಣ್ಣು ಆರುವುದೂ ನಿಧಾನ. ಕೋಲು ಕಟ್ಟಿದ್ದರೆ ನೆಟ್ಟಗೆ ನಿಂತು ಸೊರಗುತ್ತಿತ್ತು. ಇನ್ನೊಂದು ತಪ್ಪನ್ನು ಅವಳೇ ಮಾಡಲು ಹೊರಟಿದ್ದಳು. ಬೆಳಕು ಸಾಲದು ಎಂದ ಕೂಡಲೇ "ಈಗಲೇ ಟೆರೇಸಿಗೆ ಒಯ್ಯುತ್ತೇನೆ" ಎಂದಳು. ಆರು ತಿಂಗಳು ಮಬ್ಬಿನಲ್ಲಿದ್ದ ಎಲೆಗೆ ಬಿಸಿಲಿನ ತಯಾರಿ ಇರುವುದಿಲ್ಲ, ಒಂದೇ ಮಧ್ಯಾಹ್ನದಲ್ಲಿ ಸುಟ್ಟುಹೋಗುತ್ತದೆ.

ನಾವು ಮಾಡಿದ್ದು ಹೀಗೆ. ಮೊದಲ ವಾರ ಕಿಟಕಿಯ ಹತ್ತಿರ, ನೇರ ಬಿಸಿಲು ತಾಗದ ಕಡೆ ಇಟ್ಟಳು. ಎರಡನೆಯ ವಾರ ಬಾಲ್ಕನಿಯಲ್ಲಿ ಬೆಳಗಿನ ಒಂದು ಗಂಟೆ ಬಿಸಿಲು. ಆಮೇಲೆ ನಿಧಾನವಾಗಿ ಹೆಚ್ಚಿಸುತ್ತಾ ನಾಲ್ಕನೆಯ ವಾರಕ್ಕೆ ನಾಲ್ಕು ಗಂಟೆಗೆ ತಂದಳು. ಆಗ ತುದಿಯಲ್ಲಿ ಹೊಸ ಎಲೆಗಳು ಒತ್ತಾಗಿ ಬರತೊಡಗಿದವು. ಆದರೆ ಚಾಚಿದ ಕಾಂಡ ಹಿಂದಕ್ಕೆ ಗಿಡ್ಡವಾಗುವುದಿಲ್ಲ, ಅದಕ್ಕೆ ಕತ್ತರಿಸುವುದೊಂದೇ ದಾರಿ. ಇದನ್ನು ಹೇಳಿದಾಗ ಅವಳು ಫೋನಿನಲ್ಲಿ ಸುಮ್ಮನಾದಳು. "ಅಮ್ಮನ ಗಿಡ ಕಣೋ, ಕತ್ತರಿಸು ಅಂತೀಯಲ್ಲ" ಎಂದಳು. ಒಂದು ವಾರ ನನಗೆ ಉತ್ತರವೇ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಹಾಗೇ ಬಿಟ್ಟಿದ್ದರೂ ಗಿಡ ಬದುಕುತ್ತಿತ್ತು, ಆದರೆ ತುದಿಯ ಭಾರಕ್ಕೆ ಒಂದು ದಿನ ಕಾಂಡ ಮುರಿಯುವ ಸಂಭವವಿತ್ತು.

ಕೊನೆಗೆ ಅವಳೇ ಕುಂಡ ಹಿಡಿದು ನಮ್ಮ ನರ್ಸರಿಗೆ ಬಂದಳು. ಸ್ಪಿರಿಟ್‌ನಿಂದ ಒರೆಸಿದ ಬ್ಲೇಡಿನಲ್ಲಿ, ತುದಿಯ ಗೊಂಚಲಿನ ಕೆಳಗೆ ಎರಡು ಅಂಗುಲ ಕಾಂಡ ಬಿಟ್ಟು ಅವಳ ಕೈಯಿಂದಲೇ ಕತ್ತರಿಸಿದೆವು. ಕತ್ತರಿಸಿದ ತುದಿಯನ್ನು ನಾಲ್ಕು ದಿನ ನೆರಳಿನಲ್ಲಿ ಬರಿದೇ ಒಣಗಲು ಇಟ್ಟೆವು. ಗಾಯ ಒಣಗಿ ಗಟ್ಟಿಯಾಗದೆ ಮಣ್ಣಿಗಿಟ್ಟರೆ ಕೊಳೆಯುತ್ತದೆ. ಆಮೇಲೆ ಅರ್ಧ ಮಣ್ಣು, ಅರ್ಧ ದಪ್ಪ ಮರಳು ಬೆರೆಸಿದ ಒಣ ಮಿಶ್ರಣದ ಮೇಲೆ ಕೂರಿಸಿದೆವು. ಮೂರು ವಾರದಲ್ಲಿ ಬೇರು ಬಂತು, ಆಗಲೇ ಮೊದಲ ನೀರು. ಉಳಿದ ಮೋಟು ಕಾಂಡವನ್ನು ಅವಳು ಎಸೆಯಬೇಕೆಂದಿದ್ದಳು. ಬುಡದಲ್ಲಿ ಊರಿನ ಎಲೆಗಳು ಕೆಲವು ಇದ್ದವು, ಇರಲಿ ಬಿಡು ಎಂದೆ. ಎರಡು ತಿಂಗಳಲ್ಲಿ ಆ ಎಲೆಗಳ ಕಂಕುಳಿನಿಂದ ನಾಲ್ಕು ಮರಿಗಳು ಮೂಡಿದವು. ಇಲ್ಲಿ ಕಾಣುತ್ತಿರುವುದು ಅವೇ.

ಫೋಟೋಗೂ ಮಿತಿಯಿದೆ. ಬೇರು ಹೇಗಿದೆ, ಮಣ್ಣು ಎಷ್ಟು ಒದ್ದೆಯಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಗಿಡದ ಜಾತಿ ಗೊತ್ತಿಲ್ಲದಿದ್ದರೂ ತಪ್ಪಾಗುತ್ತದೆ, ಏಕೆಂದರೆ ಕೆಲವು ಸಕ್ಯುಲೆಂಟ್‌ಗಳು ಬಿಸಿಲಿನಲ್ಲೂ ಉದ್ದವಾಗಿ ಜೋತುಬೀಳುವಂಥವೇ. ಮಳೆಗಾಲದ ಮೋಡದ ತಿಂಗಳುಗಳಲ್ಲಿ ಹೊರಗಿನ ಗಿಡವೂ ಸ್ವಲ್ಪ ಸಡಿಲವಾಗಬಹುದು, ಅದಕ್ಕೆ ಗಾಬರಿ ಬೇಡ. ಅನುಮಾನವಾದರೆ ಸುಳಿಯ ಹೊಸ ಎಲೆಗಳನ್ನು ತಿಂಗಳಿಗೊಮ್ಮೆ ಅದೇ ಜಾಗದಿಂದ, ಅದೇ ಎತ್ತರದಿಂದ, ಪಕ್ಕದಿಂದ ಫೋಟೋ ತೆಗೆದು ಹೋಲಿಸಿ. ಒಂದು ಫೋಟೋ ಹೇಳದ್ದನ್ನು ಎರಡು ಫೋಟೋ ಹೇಳುತ್ತವೆ.

ನನ್ನ ಸಹಪಾಠಿ ಇಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ. ಎಲೆ ಒತ್ತಾಗಿರುವ ಈ ಕುಂಡವನ್ನು ಅವಳು ವಾಪಸು ಒಯ್ಯುತ್ತಾಳೆ, ಈಗ ಅದು ಬಾಲ್ಕನಿಯಲ್ಲಿರುತ್ತದೆ, ಭಾವಚಿತ್ರದ ಪಕ್ಕದಲ್ಲಲ್ಲ. ಮರಿಗಳಿರುವ ಈ ಮೋಟು ಗಿಡವನ್ನು ಶಾಲೆಗೆ ಕೊಡಬೇಕೆಂದು ಅವಳೇ ಹೇಳಿದ್ದಾಳೆ. ವಿಜ್ಞಾನದ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಇದನ್ನು ಮುಖ್ಯೋಪಾಧ್ಯಾಯರ ಕೋಣೆಯ ಮೇಜಿನ ಮೇಲೆ ಇಡಬೇಡಿ, ಬೆಳಗಿನ ಬಿಸಿಲು ಬೀಳುವ ಪೂರ್ವದ ಜಗಲಿಯಲ್ಲಿ ಇಡಿ. ನಡುವಿನ ಉದ್ದನೆಯ ಬೋಳು ಕಾಂಡವನ್ನು ಕತ್ತರಿಸಬೇಡಿ. ಮಕ್ಕಳು ಅದನ್ನು ಬುಡದಿಂದ ಓದಲಿ.